ಟ್ರಿಪಲ್ ಜಂಪ್: ಹಾಪ್ ಚೆನ್ನಾಗಿ ಬರ್ತದೆ, ಸ್ಟೆಪ್ ಕುಸಿಯುತ್ತದೆ, ಆಮೇಲೆ ಹಿಮ್ಮಡಿ ನೋವು

ಕಾಪು ಪಿ.ಇ. ಟೀಚರ್

ನಮಸ್ಕಾರ. ನಾನು ಉಡುಪಿ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಟ್ರಿಪಲ್ ಜಂಪ್ ಕಲಿಸುತ್ತಿದ್ದೇನೆ. ವಯಸ್ಸು 14. ಬಲಗಾಲಿನಲ್ಲಿ ಟೇಕಾಫ್, ಅಂದರೆ ಹಾಪಿನಲ್ಲಿ ಅದೇ ಕಾಲಿಗೆ ಇಳಿದು, ಸ್ಟೆಪಿನಲ್ಲಿ ಎಡಗಾಲಿಗೆ, ಕೊನೆಯ ಜಂಪಿನಲ್ಲಿ ಮರಳಿಗೆ. ಓಟ ಚೆನ್ನಾಗಿದೆ, ಹೆದರಿಕೆ ಇಲ್ಲ, ಕಲಿಯುವ ಹಠ ಉಂಟು.

ತೊಂದರೆ ಎರಡು. ಮೊದಲ ಎರಡು ಜಿಗಿತ ಚಂದ ಬರ್ತದೆ. ನಾಲ್ಕನೆಯದಕ್ಕೆ ಬರುವಾಗ ಕಾಲು ಸೋತು ಸ್ಟೆಪ್ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದಾಗುತ್ತದೆ. ಎರಡನೆಯದು, ಅಭ್ಯಾಸ ಮುಗಿದ ಮೇಲೆ ಬಲ ಹಿಮ್ಮಡಿ ನೋವು. ಮರುದಿನ ಬೆಳಿಗ್ಗೆ ಅಸೆಂಬ್ಲಿಗೆ ಕುಂಟುತ್ತಾ ಬರ್ತಾಳೆ.

ಪಕ್ಕದಲ್ಲಿ ಇಬ್ಬರು ಮಕ್ಕಳನ್ನು ನಿಲ್ಲಿಸಿ, ಕಾಲು ಬಿದ್ದ ಕಡೆ ಬೆರಳಿನ ತುದಿಗೆ ಸುಣ್ಣದ ಗುರುತು ಹಾಕಿಸಿ ಟೇಪ್ ಹಿಡಿದೆ. ಅವಳ ಒಳ್ಳೆಯ ಜಿಗಿತ 9.20 ಮೀಟರ್. ಅದರಲ್ಲಿ ಹಾಪ್ 4.10, ಸ್ಟೆಪ್ 1.90, ಜಂಪ್ 3.20. ರನ್-ಅಪ್ ಎಂಟು ಹೆಜ್ಜೆ. ನಮ್ಮದು ಕೆಂಪು ಮಣ್ಣಿನ ಮೈದಾನ, ಮಳೆ ಬಿಟ್ಟ ಮೇಲೆ ಗಟ್ಟಿ. ಕಾಲಿಗೆ ಕ್ಯಾನ್ವಾಸ್ ಶೂ. ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಿದ್ದವರು ಹೇಳಿ.

ಮಂಗ್ಳೂರು ಜಂಪರ್

ಟೀಚರ್, ಹಿಮ್ಮಡಿ ನೋವು ಅಂದರೆ ಅವಳು ಹಿಮ್ಮಡಿ ಊರಿ ಇಳಿಯುತ್ತಿದ್ದಾಳೆ. ಬೆರಳಿನ ಮೇಲೆ ಇಳಿಯಲು ಹೇಳಿ, ನೋವು ಹೋಗ್ತದೆ. ಇನ್ನು ಸ್ಟೆಪ್ ಸಣ್ಣ ಆಗುವುದಕ್ಕೆ ಕಾರಣ ಕಾಲಿನಲ್ಲಿ ಶಕ್ತಿ ಇಲ್ಲದಿರುವುದು. ನಾನು ಕಾಲೇಜು ಟೀಮಿನಲ್ಲಿದ್ದೇನೆ. ಒಂದು ಕಾಲಿಂದ ಇನ್ನೊಂದು ಕಾಲಿಗೆ ನೆಗೆದು ನೆಗೆದು ಹೋಗುವ ಬೌಂಡಿಂಗ್ ನಾವು ದಿನಾ ನೂರು ಹಾಕ್ತೇವೆ. ಒಂದು ತಿಂಗಳು ಮಾಡಿಸಿ ನೋಡಿ.

ಫಿಸಿಯೋ ಅಕ್ಕ

ಬೌಂಡಿಂಗ್ ಈಗ ಬೇಡ. ಮೊದಲು ನೋವು ಎಲ್ಲಿ ಅಂತ ನೋಡಿ.

ಟೀಚರ್, ಹುಡುಗಿಯನ್ನು ಕೂರಿಸಿ ಹಿಮ್ಮಡಿಯ ಎರಡೂ ಬದಿಯನ್ನು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. "ಅಯ್ಯೋ" ಅಂದರೆ ಅದು ಬೆಳೆಯುವ ಮಕ್ಕಳಲ್ಲಿ ಬರುವ ನೋವು ಆಗಿರಬಹುದು. ಈ ವಯಸ್ಸಲ್ಲಿ ಕೆಲವು ಮಕ್ಕಳಿಗೆ ಹಿಮ್ಮಡಿ ಎಲುಬಿನ ಹಿಂಭಾಗದಲ್ಲಿ ಬೆಳವಣಿಗೆಯ ಮೆದು ಭಾಗ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಮೀನಖಂಡದ ಸ್ನಾಯು ಅದನ್ನು ಮೇಲಿನಿಂದ ಎಳೆಯುತ್ತದೆ, ನೆಲ ಕೆಳಗಿನಿಂದ ಗುದ್ದುತ್ತದೆ. ಸೆವರ್ಸ್ ಅಂತ ನಾವು ಕರೆಯುವುದು ಇದನ್ನೇ. ಅದರ ಬದಲು ಹಿಮ್ಮಡಿಯ ತಳದಲ್ಲಿ, ನಟ್ಟ ನಡುವೆ, ಹೆಬ್ಬೆರಳಿಂದ ಒತ್ತಿದಾಗ ನೋವಾದರೆ ಅದು ಪೆಟ್ಟು. ಅಲ್ಲಿನ ಕೊಬ್ಬಿನ ಮೆತ್ತೆ ಜಜ್ಜಿ ಹೋಗಿರುತ್ತದೆ.

ಎರಡರಲ್ಲಿ ಯಾವುದಾದರೂ ಸರಿ, ನಡೆಯುವಾಗ ಕುಂಟುತ್ತಿರುವ ಮಗುವಿಗೆ ಜಿಗಿತ ಇಲ್ಲ. ಬಾವು ಬಂದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಕಾಲು ಊರಲಿಕ್ಕೇ ಆಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ಕಾಯಬೇಡಿ.

ಸುರತ್ಕಲ್ ವಾಕರ್

ನನಗೂ ಇದೇ ಹಿಮ್ಮಡಿ ನೋವು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಜೀವ ಹೋಗ್ತದೆ. ಸ್ವಲ್ಪ ನಡೆದರೆ ಕಡಿಮೆ. ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಲ್ಲಿಟ್ಟು ಅಂಗಾಲಿನ ಕೆಳಗೆ ಉರುಳಿಸಿದೆ, ಒಳ್ಳೆದಾಯಿತು. ಹುಡುಗಿಗೂ ಹೇಳಿ.

ಫಿಸಿಯೋ ಅಕ್ಕ

ಅಣ್ಣ, ನಿಮ್ಮದು ಅಂಗಾಲಿನ ಪಟ್ಟಿಯ ನೋವು, ದೊಡ್ಡವರಲ್ಲಿ ಜಾಸ್ತಿ. ಅವಳದ್ದು ಜಿಗಿದ ಮೇಲೆ ಬರುವ ನೋವು. ಐಸ್ ಇಟ್ಟರೆ ಅವಳಿಗೂ ಹಾಯೆನಿಸಬಹುದು, ಆದರೆ ಕಾರಣ ಬೇರೆ.

ಪಿಟ್ ಪಕ್ಕದ ಮನುಷ್ಯ

ಟೀಚರ್, ನೀವು ಮೂರೂ ಹಂತ ಬೇರೆ ಬೇರೆ ಅಳತೆ ಕೊಟ್ಟದ್ದು ಬಹಳ ಒಳ್ಳೆದಾಯಿತು. ಹೆಚ್ಚಿನವರು ಒಟ್ಟು ದೂರ ಮಾತ್ರ ಹೇಳ್ತಾರೆ. ಉತ್ತರ ಹೇಳುವ ಮೊದಲು ಮೂರು ಪ್ರಶ್ನೆ.

ಟೇಕಾಫ್ ಗೆರೆ ಮರಳಿನ ಪಿಟ್‌ನಿಂದ ಎಷ್ಟು ದೂರ ಹಾಕಿದ್ದೀರಿ? ಅವಳ ಜೊತೆ ಯಾರು ಜಿಗಿಯುತ್ತಾರೆ? ಕಣ್ಣು ಮುಚ್ಚಿ ಕೇಳಿದರೆ, ಹಾಪ್ ಮುಗಿದು ಕಾಲು ಬೀಳುವಾಗ ಸದ್ದು ಒಂದು ಬರ್ತದಾ, ಎರಡಾ?

ಕಾಪು ಪಿ.ಇ. ಟೀಚರ್

ಅಕ್ಕ, ಇವತ್ತು ಒತ್ತಿ ನೋಡಿದೆ. ಬದಿಯಲ್ಲಿ ಒತ್ತಿದರೂ ಸ್ವಲ್ಪ ನೋವು, ತಳದಲ್ಲಿ ಜಾಸ್ತಿ. ಬಾವು ಇಲ್ಲ. ಅವಳ ಅಮ್ಮನ ಹತ್ತಿರ ಮಾತಾಡಿದ್ದೇನೆ, ಜಿಗಿತ ನಿಲ್ಲಿಸಿದ್ದೇನೆ.

ಸರ್, ಗೆರೆ 9 ಮೀಟರಿಗೆ ಉಂಟು. ಹುಡುಗರಿಗೆ ಅಂತ ಮೊದಲಿಂದ ಇದ್ದದ್ದು, ಎಲ್ಲರೂ ಅದರಲ್ಲೇ ಜಿಗಿಯುತ್ತಾರೆ. ಸದ್ದು ನಾನು ಗಮನಿಸಿರಲಿಲ್ಲ. ಮೊಬೈಲಲ್ಲಿದ್ದ ಹಳೆ ವಿಡಿಯೋ ಹಾಕಿ ಕೇಳಿದೆ. ಎರಡು ಸದ್ದು. "ಟಕ್-ಪಟ್" ಅಂತ. ಮೊದಲು ಹಿಮ್ಮಡಿ, ಹಿಂದೆಯೇ ಪಾದ.

ಪಿಟ್ ಪಕ್ಕದ ಮನುಷ್ಯ

ನಿಮ್ಮ ಹುಡುಗಿಗೆ ಕಾಲಿನ ಶಕ್ತಿ ಕಮ್ಮಿ ಇಲ್ಲ. ಅವಳನ್ನು ಹಾಳು ಮಾಡುತ್ತಿರುವುದು ಆ 9 ಮೀಟರ್ ಗೆರೆ.

ಲೆಕ್ಕ ನೋಡಿ. ಹಾಪ್, ಸ್ಟೆಪ್ ಸೇರಿ 6 ಮೀಟರ್. ಅಂದರೆ ಕೊನೆಯ ಜಂಪಿಗೆ ಅವಳು ನೆಲ ಬಿಡುವುದು ಮರಳಿಗೆ ಇನ್ನೂ 3 ಮೀಟರ್ ಇರುವಾಗ. ಅವಳ ಜಂಪ್ 3.20. ಮರಳಿನ ಒಳಗೆ ಸಿಗುವುದು 20 ಸೆಂಟಿಮೀಟರ್, ಅದೂ ಅತ್ಯುತ್ತಮ ಜಿಗಿತದಲ್ಲಿ. ಸ್ವಲ್ಪ ಕಮ್ಮಿಯಾದರೆ ಎರಡೂ ಹಿಮ್ಮಡಿ ಪಿಟ್‌ನ ಅಂಚಿಗೆ ಬಡಿಯುತ್ತವೆ. ಇದು ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕಣ್ಣಿಗೇ ಕಾಣ್ತದೆ. ಮರಳು ದೂರ ಉಂಟು ಅನ್ನುವ ಭಯಕ್ಕೆ ಅವಳು ಇರುವ ಶಕ್ತಿಯನ್ನೆಲ್ಲ ಹಾಪಿಗೇ ಹಾಕಿ ಮೇಲಕ್ಕೆ ಹಾರುತ್ತಾಳೆ. 9.20ರಲ್ಲಿ 4.10 ಅಂದರೆ ನೂರಕ್ಕೆ 45ರ ಹತ್ತಿರ. ಸ್ಟೆಪಿಗೆ ಉಳಿಯುವುದು 21 ಕೂಡ ಇಲ್ಲ.

ಅಷ್ಟು ಎತ್ತರದಿಂದ ಇಳಿಯುವಾಗ ಮತ್ತೂ ದೂರ ಸಿಗಲಿ ಅಂತ ಕಾಲನ್ನು ಮುಂದಕ್ಕೆ ಚಾಚುತ್ತಾಳೆ. ಮಂಡಿ ನೇರ, ಪಾದ ಸೊಂಟಕ್ಕಿಂತ ಎಷ್ಟೋ ಮುಂದೆ, ಹಿಮ್ಮಡಿ ಮೊದಲು. ಅದು ಬ್ರೇಕ್. ಓಡಿ ತಂದ ವೇಗ ಅಲ್ಲೇ ಹಿಮ್ಮಡಿಯ ಮೂಲಕ ನೆಲಕ್ಕೆ ಹೋಯಿತು. "ಟಕ್" ಅದರ ಸದ್ದು. ಆಮೇಲೆ ಮಂಡಿ ಕುಸಿಯುತ್ತದೆ, ಸ್ಟೆಪ್ ಬದಲು ಬೀಳದಂತೆ ಒಂದು ಹೆಜ್ಜೆ ಇಡುತ್ತಾಳೆ ಅಷ್ಟೆ. ಬಲಗಾಲಿನಲ್ಲಿ ಹಾರಿ ಬಲಗಾಲಿಗೇ ಇಳಿಯುವುದರಿಂದ ನೋವೂ ಬಲಕ್ಕೇ. ಬೇಗ ಸುಸ್ತಾಗುವುದೂ ಇದರಿಂದಲೇ. ಕುಸಿದ ಕಾಲನ್ನು ಪ್ರತಿ ಸಲ ಮತ್ತೆ ಎತ್ತಲು ತೊಡೆ ದುಡಿಯಬೇಕಲ್ಲ.

ಹಾಗಾಗಿ ಮೊದಲ ಕೆಲಸ, ನೋವು ಪೂರ್ತಿ ಹೋದ ಮೇಲೆ, 7 ಮೀಟರಿಗೆ ಇನ್ನೊಂದು ಗೆರೆ ಹಾಕಿ. ಈಗಿನ ಅಳತೆಯಲ್ಲೇ ಜಿಗಿದರೂ ಅವಳು ಎರಡು ಮೀಟರಿಗಿಂತ ಜಾಸ್ತಿ ಮರಳಿನ ಒಳಗೆ ಇಳಿಯುತ್ತಾಳೆ. ಭಯ ಹೋಗ್ತದೆ. 13 ಮೀಟರ್, 11 ಮೀಟರ್ ಬೋರ್ಡ್ ಎಲ್ಲ ಅಂತರರಾಷ್ಟ್ರೀಯ ಮಟ್ಟದ ಗಂಡಸರು, ಹೆಂಗಸರಿಗೆ. ಕೆಳಗಿನ ಮಟ್ಟದಲ್ಲಿ ಜಿಗಿಯುವವರಿಗೆ ತಕ್ಕ ಹಾಗೆ ಹತ್ತಿರ ಇಡಬಹುದು.

ಮಂಗ್ಳೂರು ಜಂಪರ್

ಸರ್, ಗೆರೆ ವಿಷಯ ಒಪ್ಪಿದೆ. ಆದರೆ ಹಾಪ್ ಕಮ್ಮಿ ಮಾಡಿದರೆ ಒಟ್ಟು ದೂರವೂ ಕಮ್ಮಿ ಆಗ್ತದಲ್ವಾ? ಹಾಪಿನಲ್ಲೇ ಅಲ್ವಾ ಪೂರ್ತಿ ವೇಗ ಇರುವುದು? ಮತ್ತೆ ಬೆರಳಿನ ಮೇಲೆ ಇಳಿದರೆ ಈ "ಟಕ್" ಬರುವುದೇ ಇಲ್ಲ.

ಪಿಟ್ ಪಕ್ಕದ ಮನುಷ್ಯ

ಹಾಪಿನಲ್ಲಿ ಪೂರ್ತಿ ವೇಗ ಇರುತ್ತದೆ, ಅದು ಸರಿ. ಅದನ್ನು ಅಲ್ಲೇ ಖರ್ಚು ಮಾಡಿದರೆ ಮುಂದಿನ ಎರಡಕ್ಕೆ ಎಂತ ಉಳಿಯುತ್ತದೆ? 1995ರಲ್ಲಿ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 18.29 ಮೀಟರ್ ಹಾರಿದ್ದನ್ನು ನೋಡಿ. ಹಾಪ್ 6.05, ಸ್ಟೆಪ್ 5.22, ಜಂಪ್ 7.02. ವಿಶ್ವದಾಖಲೆಯ ಜಿಗಿತದಲ್ಲಿ ಕೊನೆಯ ಜಂಪೇ ಹಾಪಿಗಿಂತ ಸುಮಾರು ಒಂದು ಮೀಟರ್ ಉದ್ದ. ಅವರ ಹಾಪ್ ತಗ್ಗು, ಓಟ ಹಾಗೇ ಮುಂದುವರಿದ ಹಾಗೆ. ಎಲ್ಲರೂ ಅವರ ಹಾಗೇ ಜಿಗಿಯಬೇಕು ಅಂತಲ್ಲ, ಹಾಪ್ ಜಾಸ್ತಿ ಇಟ್ಟು ಗೆದ್ದವರೂ ಇದ್ದಾರೆ. ಆದರೆ ಅವರ ಸ್ಟೆಪ್ ಸತ್ತಿರುವುದಿಲ್ಲ.

ಬೆರಳಿನ ಮೇಲೆ ಇಳಿಸಬೇಡಿ. ಓಡಿ ಬಂದ ಮೈಯ ಭಾರವನ್ನು ಒಂದೇ ಕಾಲಿನ ಬೆರಳು ತಡೆಯುವುದಿಲ್ಲ. ಮೀನಖಂಡ ಸೋತು ಹಿಮ್ಮಡಿ ಆಮೇಲೆ ಧಡಾರನೆ ನೆಲಕ್ಕೆ ಬೀಳುತ್ತದೆ, ಪಾದದ ಗಂಟು ತಿರುಚುವ ಅಪಾಯ ಬೇರೆ. ಇಳಿಯಬೇಕಾದ್ದು ಇಡೀ ಪಾದದಲ್ಲಿ. ಹಿಮ್ಮಡಿ ಒಂದು ಕೂದಲೆಳೆ ಮುಂಚೆ ತಾಗಿದರೂ ಚಿಂತೆ ಇಲ್ಲ, ಕೂಡಲೇ ಪಾದ ಪೂರ್ತಿ ಕೂರಬೇಕು. ಜೊತೆಗೆ ನೆಲ ತಾಗುವ ಮೊದಲೇ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾ ಬರಬೇಕು. ಆಗ ಪಾದ ಸೊಂಟದ ಸ್ವಲ್ಪವೇ ಮುಂದೆ ಬೀಳುತ್ತದೆ, ಬ್ರೇಕ್ ಕಮ್ಮಿ. ಮಕ್ಕಳಿಗೆ ನಾನು ಹೇಳುವುದು ಇಷ್ಟೇ: "ನೆಲವನ್ನು ಹಿಂದಕ್ಕೆ ಎಳಿ." ಒಂದೇ "ಪಟ್" ಕೇಳಬೇಕು.

ಕಾಪು ಪಿ.ಇ. ಟೀಚರ್

ಅರ್ಥ ಆಯಿತು ಸರ್. ಆದರೆ "ಹಾಪ್ ಸಣ್ಣ ಮಾಡು" ಅಂತ ಹೇಳಿದರೆ ಅವಳು ಓಟವನ್ನೇ ನಿಧಾನ ಮಾಡುತ್ತಾಳೆ. ಮೊದಲೂ ಒಮ್ಮೆ ಹಾಗೆ ಆಗಿದೆ. ಇದನ್ನು ಕಲಿಸುವುದು ಹೇಗೆ?

ಪಿಟ್ ಪಕ್ಕದ ಮನುಷ್ಯ

ಬಾಯಲ್ಲಿ ಹೇಳಬೇಡಿ, ಗೆರೆಗಳು ಹೇಳಲಿ. ರನ್-ಅಪ್ ಪೂರ್ತಿ ಬಿಡಿ. ಮೂರು ನಡಿಗೆಯ ಹೆಜ್ಜೆ ಹಾಕಿ ಹಾಪ್, ಸ್ಟೆಪ್, ಜಂಪ್. ಪಿಟ್‌ನ ಮುಂದೆ ಸುಣ್ಣದಲ್ಲಿ ಸಮ ಅಂತರದ ಗೆರೆ ಎಳೆಯಿರಿ. ಇವಳಿಗೆ 1.80 ಮೀಟರಿನಿಂದ ಶುರು ಮಾಡಬಹುದು. ಹಾಪ್ ಒಂದು ಗೆರೆಗೆ, ಸ್ಟೆಪ್ ಮುಂದಿನ ಗೆರೆಗೆ, ಜಂಪ್ ಮರಳಿಗೆ. ಅಂತರ ಸಮ ಇರುವುದರಿಂದ ಹಾಪನ್ನು ತಾನಾಗೇ ತಗ್ಗಿಸುತ್ತಾಳೆ, ಸ್ಟೆಪನ್ನು ತಾನಾಗೇ ಎಳೆಯುತ್ತಾಳೆ.

ಪಕ್ಕದಲ್ಲಿ ನಿಂತು ಚಪ್ಪಾಳೆ ಹೊಡೆಯಿರಿ. ಪಟ್, ಪಟ್, ಪಟ್, ಮೂರಕ್ಕೂ ನಡುವೆ ಒಂದೇ ಬಿಡುವು. ಈಗ ಅವಳದ್ದು ಮೊದಲು ಉದ್ದ ಬಿಡುವು, ಆಮೇಲೆ ಎರಡು ಸದ್ದು ಅಂಟಿಕೊಂಡ ಹಾಗೆ ಇರ್ತದೆ. ಕಿವಿಗೆ ತಾಳ ಸಿಕ್ಕಿದರೆ ಅರ್ಧ ಕೆಲಸ ಆಯಿತು.

ಸ್ಟೆಪಿನಲ್ಲಿ ಒಂದೇ ವಿಷಯ ನೋಡಿ. ಬಲಗಾಲು ನೆಲ ಬಿಟ್ಟ ಮೇಲೆ ಎಡತೊಡೆ ನೆಲಕ್ಕೆ ಸಮವಾಗಿ ಮೇಲೆ ಬಂದು, ಗಾಳಿಯಲ್ಲಿ ಒಂದು ಕ್ಷಣ ಅಲ್ಲೇ ನಿಲ್ಲಬೇಕು. ಮಕ್ಕಳು ಅವಸರದಲ್ಲಿ ಆ ಕಾಲನ್ನು ಕೂಡಲೇ ಕೆಳಗೆ ಹಾಕುತ್ತಾರೆ. ತೊಡೆ ನಿಲ್ಲಿಸಲು ಕಲಿತರೆ ಸ್ಟೆಪ್ ಬೆಳೆಯುತ್ತದೆ, ಬೇರೆ ಶಕ್ತಿ ಬೇಡ.

ಗೆರೆ ಸಲೀಸಾದ ಮೇಲೆ ಅಂತರ ಗೇಣು ಗೇಣು ಹೆಚ್ಚಿಸಿ. ಆಮೇಲೆ ನಾಲ್ಕು ಓಟದ ಹೆಜ್ಜೆ, ಆಮೇಲೆ ಆರು. ಎಂಟಕ್ಕೆ ಹೋಗುವುದು ಆರರಲ್ಲಿ ಒಂದೇ ಸದ್ದು ಬಂದ ಮೇಲೆ. ವೇಗ ಜಾಸ್ತಿ ಆದಾಗ ಹಳೆಯ ಅಭ್ಯಾಸ ಮತ್ತೆ ಬಂದರೆ ಎರಡು ಹೆಜ್ಜೆ ಹಿಂದೆ ಬನ್ನಿ.

ಸುಸ್ತಿನ ವಿಷಯಕ್ಕೆ ನಾನು ಜಿಗಿತ ಎಣಿಸುವುದಿಲ್ಲ, ಗಟ್ಟಿ ನೆಲಕ್ಕೆ ಒಂಟಿ ಕಾಲು ಬಿದ್ದದ್ದು ಎಣಿಸುತ್ತೇನೆ. ಒಂದು ಟ್ರಿಪಲ್ ಜಂಪ್ ಅಂದರೆ ಎರಡು. ಈ ವಯಸ್ಸಿನ ಹೊಸಬರಿಗೆ ವಾರ್ಮ್-ಅಪ್ಪಿನ ಒಂಟಿ ಕಾಲಿನ ಕುಪ್ಪಳಿಕೆ, ಬೌಂಡಿಂಗ್ ಎಲ್ಲ ಸೇರಿ ಒಂದು ದಿನಕ್ಕೆ ನಲವತ್ತು ಸಾಕು. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಜಿಗಿತದ ನಡುವೆ ಎರಡು ಮೂರು ನಿಮಿಷ ನಿಲ್ಲಲಿ. ನಲವತ್ತು ಆಗದಿದ್ದರೂ "ಟಕ್-ಪಟ್" ಎರಡು ಸಲ ಕೇಳಿತು ಅಂದರೆ ಅವತ್ತಿನ ಜಿಗಿತ ಮುಗಿಯಿತು. ಸೋತ ಕಾಲಿಗೆ ಕಲಿಸಿದರೆ ಅದು ಕಲಿಯುವುದು ಸೋಲನ್ನೇ. ದಿನಾ ನೂರು ಬೌಂಡಿಂಗ್ ಕಾಲೇಜಿನವರಿಗೂ ಜಾಸ್ತಿ ಅಂತ ನನ್ನ ಅಭಿಪ್ರಾಯ, 14ರ ಮಗುವಿಗೆ ಖಂಡಿತ ಬೇಡ.

ಮಲ್ಪೆ ಹುಡುಗ

ಬೀಚಿನಲ್ಲಿ ಮಾಡಿಸಿದರೆ ಆಗುವುದಿಲ್ವಾ? ಮೆತ್ತಗಿರ್ತದೆ, ಹಿಮ್ಮಡಿಗೆ ಪೆಟ್ಟೇ ಇಲ್ಲ.

ಪಿಟ್ ಪಕ್ಕದ ಮನುಷ್ಯ

ಒಣ ಮರಳಿನಲ್ಲಿ ಹಿಮ್ಮಡಿ ಹೂತು ಹೋಗ್ತದೆ, ಮೀನಖಂಡ ಮತ್ತು ಅದರ ಸ್ನಾಯುರಜ್ಜು ಜಾಸ್ತಿ ಎಳೆಯುತ್ತದೆ. ಬದಿ ಒತ್ತಿದಾಗ ನೋವಿರುವ ಮಗುವಿಗೆ ಅದು ಕೆಟ್ಟದ್ದು. ಕಾಲು ನೆಲದಲ್ಲಿ ನಿಲ್ಲುವ ಹೊತ್ತೂ ಉದ್ದ ಆಗಿ ತಾಳ ಕೆಡ್ತದೆ. ನೀರಿನ ಅಂಚಿನ ಗಟ್ಟಿ ಮರಳು ಸಮುದ್ರದ ಕಡೆ ಇಳಿಜಾರು, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಮಲ್ಪೆ, ಪಣಂಬೂರಿನಲ್ಲಿ ನಡೆಯಲಿ, ಮೆಲ್ಲಗೆ ಓಡಲಿ. ಟ್ರಿಪಲ್ ಜಂಪ್ ಕಲಿಯಲು ಹುಲ್ಲು ಇರುವ ಸಮ ನೆಲ ಒಳ್ಳೆಯದು. ಸಿಂಥೆಟಿಕ್ ಟ್ರ್ಯಾಕ್ ಬೇಕಾದರೆ ಉಡುಪಿಯ ಅಜ್ಜರಕಾಡಿಗೋ ಮಂಗಳೂರಿನ ಮಂಗಳಾ ಸ್ಟೇಡಿಯಂಗೋ ಆಗಾಗ ಕರ್ಕೊಂಡು ಹೋಗಿ. ಆದರೆ ಅಲ್ಲಿ ಪುಟಿತ ಸಿಗ್ತದೆ ಅಂತ ಎಣಿಕೆ ಮೀರಬೇಡಿ.

ಹೈಸ್ಕೂಲ್ ಹುಡುಗನ ಅಪ್ಪ

ಶೂ ಬಗ್ಗೆ ಯಾರಾದರೂ ಹೇಳಿ. ನನ್ನ ಮಗ ಬರಿಗಾಲಲ್ಲೇ ಜಿಗಿಯುತ್ತಾನೆ, ಶೂ ಹಾಕಿದರೆ ಭಾರ ಅಂತಾನೆ. ಅಂಗಡಿಯಲ್ಲಿ ಹಿಮ್ಮಡಿಗೆ ಇಡುವ ಪ್ಲಾಸ್ಟಿಕ್ ಕಪ್ ತೋರಿಸಿದರು.

ಫಿಸಿಯೋ ಅಕ್ಕ

ಹಿಮ್ಮಡಿಯ ಕೆಳಗೆ ಮೆತ್ತೆ ಇಲ್ಲದ ಕ್ಯಾನ್ವಾಸ್ ಶೂಗೂ ಬರಿಗಾಲಿಗೂ ದೊಡ್ಡ ವ್ಯತ್ಯಾಸ ಇಲ್ಲ. ದಪ್ಪ ಹಿಮ್ಮಡಿಯ ಸಾದಾ ಓಟದ ಶೂ ಇರಲಿ. ಹಿಮ್ಮಡಿ ಕಪ್ ಒಳ್ಳೆಯದು, ತಳದ ಕೊಬ್ಬನ್ನು ಬದಿಗೆ ಹರಡದಂತೆ ಹಿಡಿಯುತ್ತದೆ. ಎರಡೂ ಕಾಲಿಗೆ ಹಾಕಿ.

ಪಿಟ್ ಪಕ್ಕದ ಮನುಷ್ಯ

ಇಲ್ಲಿ ಅಕ್ಕನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪೆಟ್ಟಾದ ಕಾಲಿಗೆ ಕಪ್ ಸರಿ. ಆದರೆ ಮೊದಲ ದಿನದಿಂದ ಹಾಕಿದರೆ ಮಗು ಹಿಮ್ಮಡಿ ಕುಟ್ಟುತ್ತಿರುವುದು ಅದಕ್ಕೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಹುಲ್ಲಿನ ಮೇಲೆ ಒಂಟಿ ಕಾಲಲ್ಲಿ ಮೆಲ್ಲಗೆ ಕುಪ್ಪಳಿಸುವಾಗ ಬರಿಗಾಲು ಒಳ್ಳೆಯ ಮೇಷ್ಟ್ರು. ಕುಂಟೆಬಿಲ್ಲೆ ಆಡುವಾಗ ಯಾವ ಮಗುವೂ ಹಿಮ್ಮಡಿ ಕುಟ್ಟುವುದಿಲ್ಲ, ನೋಡಿದ್ದೀರಾ?

ಫಿಸಿಯೋ ಅಕ್ಕ

ಕುಂಟೆಬಿಲ್ಲೆಯಲ್ಲಿ ಎಂಟು ಹೆಜ್ಜೆ ಓಡಿ ಬರುವುದಿಲ್ಲವಲ್ಲ ಸರ್. ಮುರಕಲ್ಲಿನ ಚೂರು ಇರುವ ನಮ್ಮ ಮೈದಾನಗಳಲ್ಲಿ ಬರಿಗಾಲು ಬೇಡ ಅಂತಲೇ ನಾನು ಹೇಳುವುದು.

ಪುತ್ತೂರು ಮಾಸ್ಟ್ರು

ನನ್ನ ಅನುಭವ ಕ್ರೀಡಾಕೂಟದ ದಿನದ್ದು. ನಮ್ಮ ಮಕ್ಕಳು ಅಭ್ಯಾಸದಲ್ಲಿ ಚೆನ್ನಾಗಿ ಜಿಗಿದು ತಾಲೂಕು ಕೂಟದಲ್ಲಿ ಕುಸಿಯುತ್ತಾರೆ. ಗಮನಿಸಿದಾಗ ಗೊತ್ತಾಯಿತು, ಹೆಸರು ಕರೆಯುವ ಮೊದಲೇ ಉತ್ಸಾಹದಲ್ಲಿ ಐದಾರು ಪೂರ್ತಿ ಜಿಗಿತ ಹಾಕಿರುತ್ತಾರೆ. ಜೊತೆಗೆ ಬೆಳಿಗ್ಗೆ 100 ಮೀಟರ್ ಹೀಟ್, ಮಧ್ಯಾಹ್ನ ರಿಲೇ. ಈಗ ನಾನು ರನ್-ಅಪ್ ಗುರುತು ಹಿಡಿಯಲು ಓಡಿಸುತ್ತೇನೆ, ಜಿಗಿಸುವುದಿಲ್ಲ. ಸಣ್ಣ ರನ್-ಅಪ್ಪಿನಲ್ಲಿ ಒಂದು, ಪೂರ್ತಿಯಲ್ಲಿ ಒಂದು, ಅಷ್ಟೆ.

ಪಿಟ್ ಪಕ್ಕದ ಮನುಷ್ಯ

ಮಾಸ್ಟ್ರೇ, ಅದಕ್ಕೆ ಇನ್ನೊಂದು ಸೇರಿಸಿ. ವಾರ್ಮ್-ಅಪ್ ಆದ ಮೇಲೆ ಮಕ್ಕಳು ತಮ್ಮ ಸರದಿಗೆ ಕಾಯುತ್ತಾ ನೆಲದಲ್ಲಿ ಕೂತು ಬಿಡುತ್ತಾರೆ. ಮಳೆ ಬಂದು ನಿಂತ ದಿನ ಇನ್ನೂ ಕಷ್ಟ. 1948ರ ಲಂಡನ್ ಒಲಿಂಪಿಕ್ಸಿನ ಟ್ರಿಪಲ್ ಜಂಪ್ ಫೈನಲ್‌ನಲ್ಲಿ ನಮ್ಮ ಹೆನ್ರಿ ರೆಬೆಲೊ ಚಳಿಯಲ್ಲಿ ಕಾದು ನಿಂತು, ಆಮೇಲೆ ಓಡಿ ಜಿಗಿಯುವಾಗ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡರು. ಅಲ್ಲಿಗೇ ಅವರ ಒಲಿಂಪಿಕ್ಸ್ ಮುಗಿಯಿತು. ಸರದಿಗೆ ಇಬ್ಬರು ಇರುವಾಗ ಎದ್ದು ಎರಡು ಸಣ್ಣ ಓಟ ಓಡಿಸಿ.

ಕಾಪು ಪಿ.ಇ. ಟೀಚರ್

ಕೆಲವು ವಾರ ಕಳೆದು ಬರೆಯುತ್ತಿದ್ದೇನೆ. ಡಾಕ್ಟರಿಗೂ ತೋರಿಸಿದೆವು, ಮೂಳೆಗೆ ಎಂತದೂ ಆಗಿಲ್ಲ ಅಂದರು. ಕುಂಟು ಪೂರ್ತಿ ಹೋಗುವವರೆಗೆ ಜಿಗಿಸಲಿಲ್ಲ. ಆ ದಿನಗಳಲ್ಲಿ ಚಪ್ಪಾಳೆಗೆ ಸರಿಯಾಗಿ ತೊಡೆ ಎತ್ತಿ ನಡೆಯುವುದು ಮಾತ್ರ ಮಾಡಿಸಿದೆ. ಶೂ ಬದಲಾಯಿತು, ಸದ್ಯಕ್ಕೆ ಕಪ್ ಕೂಡ ಹಾಕಿದ್ದಾಳೆ.

7 ಮೀಟರ್ ಗೆರೆ ಹಾಕಿದ ದಿನವೇ ಅವಳ ಓಟ ಬದಲಾದದ್ದು ಕಂಡಿತು. ಮೊದಲು ಕೊನೆಯ ಎರಡು ಹೆಜ್ಜೆಯಲ್ಲಿ ತಲೆ ಎತ್ತಿ ಮರಳು ಎಲ್ಲಿದೆ ಅಂತ ನೋಡುತ್ತಿದ್ದಳು, ಮೈ ಹಿಂದಕ್ಕೆ ವಾಲುತ್ತಿತ್ತು. ಈಗ ನೇರ ಓಡಿ ಹೋಗ್ತಾಳೆ. ಸಮ ಗೆರೆಯಲ್ಲಿ 1.80 ಬೇಗ ಬಂತು, 2.20ಕ್ಕೆ ಹೋದಾಗ ಎಡತೊಡೆ ಮತ್ತೆ ಬೇಗ ಬೀಳತೊಡಗಿತು. 2 ಮೀಟರಿಗೆ ಇಳಿಸಿ ಅಲ್ಲೇ ಸುಮಾರು ದಿನ ನಿಂತೆವು.

ನಿನ್ನೆ ಎಂಟು ಹೆಜ್ಜೆಯಲ್ಲಿ ಅಳೆದೆ. ಹಾಪ್ 3.60, ಸ್ಟೆಪ್ 2.60, ಜಂಪ್ 3.25. ಒಟ್ಟು 9.45. ಹಾಪ್ ಅರ್ಧ ಮೀಟರ್ ಕಮ್ಮಿಯಾದರೂ ದೂರ ಜಾಸ್ತಿಯಾಗಿದೆ. ನಾಲ್ಕನೇ ಜಿಗಿತದಲ್ಲೂ ಒಂದೇ ಸದ್ದು. ಐದನೆಯದರಲ್ಲಿ "ಟಕ್" ಕೇಳಿತು, ಇನ್ನೊಂದು ಸಲ ಕೇಳುವ ಮೊದಲೇ ನಿಲ್ಲಿಸಿದೆ. ಅವಳಿಗೆ ಇನ್ನೂ ಜಿಗಿಯಬೇಕು ಅಂತ ಆಸೆ, ಸಿಟ್ಟು ಬಂತು. ಇವತ್ತು ಬೆಳಿಗ್ಗೆ ಹಿಮ್ಮಡಿ ಒತ್ತಿದೆ, ತಳದಲ್ಲಿ ನೋವಿಲ್ಲ, ಬದಿಯಲ್ಲಿ ಒಂಚೂರು ಉಂಟು.

ಈಗ ಉಳಿದ ಪ್ರಶ್ನೆ: ನಮ್ಮ ಕೂಟದಲ್ಲಿ ಹುಡುಗಿಯರಿಗೂ 9 ಮೀಟರ್ ಗೆರೆ ಮಾತ್ರ ಹಾಕಿದರೆ ಎಂತ ಮಾಡುವುದು?

ಪಿಟ್ ಪಕ್ಕದ ಮನುಷ್ಯ

9.45 ಹಾರಿದರೂ 9 ಮೀಟರ್ ಗೆರೆಯಿಂದ ಅವಳಿಗೆ ಮರಳು ಸಿಗುವುದು 45 ಸೆಂಟಿಮೀಟರ್. ನನಗೆ ಅದು ಸಾಲದು. ಮೀಟಿಂಗಿನಲ್ಲೇ ಸಂಘಟಕರ ಹತ್ತಿರ 7 ಮೀಟರಿಗೆ ಟೇಪ್ ಗೆರೆ ಕೇಳಿ. ಕೂಟದ ಬೆಳಿಗ್ಗೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಬೇರೆ ಶಾಲೆಯ ಟೀಚರ್‌ಗಳನ್ನೂ ಸೇರಿಸಿಕೊಂಡು ಕೇಳಿ, ಅವರ ಮಕ್ಕಳಿಗೂ ಇದೇ ಕಷ್ಟ.

ಪುತ್ತೂರು ಮಾಸ್ಟ್ರು

ನಮ್ಮ ಕಡೆ ಒಮ್ಮೆ ಒಪ್ಪಿದರು, ಒಮ್ಮೆ ಒಪ್ಪಲಿಲ್ಲ. ಒಪ್ಪದಿದ್ದ ವರ್ಷ ಪಿಟ್‌ನ ಅಂಚನ್ನಾದರೂ ಸರಿ ಮಾಡಿಸಿದೆವು. ಒದ್ದೆ ಮರಳನ್ನು ಗುದ್ದಲಿಯಲ್ಲಿ ಅಗೆದು ಸಡಿಲ ಮಾಡಿ, ಮುಂದಿನ ಅಂಚಿನವರೆಗೂ ನೆಲದ ಮಟ್ಟಕ್ಕೆ ತುಂಬಿಸಿದೆವು. ಹಾಗಿದ್ದರೂ ಇಬ್ಬರು ಮಕ್ಕಳನ್ನು ನಾನು ಜಿಗಿಸಲಿಲ್ಲ.

ಕಾಪು ಪಿ.ಇ. ಟೀಚರ್

ಮೀಟಿಂಗ್ ಮುಂದಿನ ವಾರ ಉಂಟು. ಮೂರು ಶಾಲೆಯವರ ಹತ್ತಿರ ಮಾತಾಡಿದ್ದೇನೆ, ಇಬ್ಬರು ಸಹಿ ಹಾಕುತ್ತೇವೆ ಅಂದಿದ್ದಾರೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.